ಸಾಂಬಾ ಮಸೂರಿಯ ಮೂರು ಜೀನ್‌ಗಳು

ಸಾಂಬಾ ಮಸೂರಿ ಭತ್ತದ ದಾಖಲೆಯ ಹೆಸರು ಬಿಪಿಟಿ 5204. ಜಿಇಬಿ 24, ಟಿಎನ್ 1 ಮತ್ತು ಮಸೂರಿ ತಳಿಗಳನ್ನು ಸಂಕರಿಸಿ ಆಂಧ್ರಪ್ರದೇಶದ ಬಾಪಟ್ಲದಲ್ಲಿ ಬೆಳೆಸಿದ ಈ ತಳಿ 1986ರಲ್ಲಿ ಬಿಡುಗಡೆಯಾಯಿತು. ಸಣ್ಣ ಕಾಳು, ಉದುರಾದ ಅನ್ನ, ಒಳ್ಳೆಯ ಇಳುವರಿ ಮೂರೂ ಒಂದೇ ಗಿಡದಲ್ಲಿ ಸಿಕ್ಕಿದ್ದರಿಂದ ದಕ್ಷಿಣ ಭಾರತದ ನೀರಾವರಿ ಪ್ರದೇಶಗಳಲ್ಲಿ ಅದು ಬೇಗ ಹಬ್ಬಿತು. ತುಂಗಭದ್ರಾ ಅಚ್ಚುಕಟ್ಟಿನ ರೈತರ ಬಾಯಲ್ಲಿ ಅದು ಬರೀ ‘ಬಿಪಿಟಿ’. ಅದರ ದೊಡ್ಡ ದೋಷ ದುಂಡಾಣು ಎಲೆ ಅಂಗಮಾರಿ ರೋಗ. ಎಲೆಯ ಅಂಚಿನ ನೀರುರಂಧ್ರಗಳಿಂದಲೋ ಗಾಳಿಮಳೆಯಲ್ಲಿ ಆದ ಗಾಯಗಳಿಂದಲೋ ಒಳಹೊಕ್ಕ ಬ್ಯಾಕ್ಟೀರಿಯಾ ನಾಳಗಳಲ್ಲಿ ಹರಡುತ್ತದೆ. ತುದಿಯಿಂದ ಬುಡದ ಕಡೆಗೆ ಎಲೆ ಅಲೆಅಲೆಯಾಗಿ ಹಳದಿಗಟ್ಟಿ ಒಣಗುತ್ತದೆ. ಸಿಂಪರಣೆಯಿಂದ ಇದನ್ನು ಹತೋಟಿಗೆ ತರುವುದು ಕಷ್ಟವಾದ್ದರಿಂದ ತಳಿಯಲ್ಲೇ ನಿರೋಧಕ ಶಕ್ತಿ ಇರಬೇಕಾಗುತ್ತದೆ.

ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಸಿಸಿಎಂಬಿ ಜೊತೆಗೂಡಿ ಈ ತಳಿಗೆ ಮೂರು ನಿರೋಧಕ ಜೀನ್‌ಗಳನ್ನು ಸೇರಿಸಿದವು. ಅವು ಎಕ್ಸ್‌ಎ21, ಎಕ್ಸ್‌ಎ13 ಮತ್ತು ಎಕ್ಸ್‌ಎ5. ದಾನಿಯಾಗಿ ಬಳಸಿದ್ದು ಪಂಜಾಬ್ ಕೃಷಿ ವಿಶ್ವವಿದ್ಯಾಲಯದಲ್ಲಿ ಪಿಆರ್ 106 ತಳಿಯಿಂದ ಬೆಳೆಸಿದ್ದ ಎಸ್ಎಸ್ 1113 ಎಂಬ ಸಾಲನ್ನು. ನಾಲ್ಕು ಬ್ಯಾಕ್‌ಕ್ರಾಸ್‌ಗಳ ನಂತರ ಸಿಕ್ಕ ಸಾಲು 2008ರಲ್ಲಿ ‘ಇಂಪ್ರೂವ್ಡ್ ಸಾಂಬಾ ಮಸೂರಿ’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಮಾರ್ಕರ್ ಆಧಾರಿತ ಆಯ್ಕೆಯನ್ನು ಸಾಂಪ್ರದಾಯಿಕ ತಳಿ ಅಭಿವೃದ್ಧಿಯ ಪಕ್ಕದಲ್ಲಿಟ್ಟು ತೂಗಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ‘ಮಾರ್ಕರ್ ಎಂದರೆ ವೇಗ’ ಎಂಬ ತರಗತಿಯ ಮಾತು ಎಷ್ಟು ನಿಜ, ಎಷ್ಟು ಅರೆನಿಜ ಎಂಬುದು ಇಲ್ಲಿ ಲೆಕ್ಕದಲ್ಲೇ ಕಾಣುತ್ತದೆ.

ಮೊದಲು ಸಾಂಪ್ರದಾಯಿಕ ದಾರಿಯನ್ನೇ ನೋಡಬೇಕು. ರೋಗ ನಿರೋಧಕ ಗಿಡವನ್ನು ಗುರುತಿಸಲು ಅದರ ಸಲಕರಣೆ ಒಂದು ಕತ್ತರಿ. ಬ್ಯಾಕ್ಟೀರಿಯಾವನ್ನು ಮಾಧ್ಯಮದಲ್ಲಿ ಬೆಳೆಸಿ, ಮಿಲಿಲೀಟರಿಗೆ ಹತ್ತು ಕೋಟಿಯಿಂದ ನೂರು ಕೋಟಿ ಕೋಶಗಳಿರುವಂತೆ ನೀರಿನಲ್ಲಿ ಕದಡಿ, ಕತ್ತರಿಯನ್ನು ಅದರಲ್ಲಿ ಅದ್ದಿ, ಚೆನ್ನಾಗಿ ತೆಂಡೆಯೊಡೆದ ಗಿಡದ ಎಲೆಗಳ ತುದಿಯನ್ನು ಕತ್ತರಿಸುತ್ತಾರೆ. ಸುಮಾರು ಎರಡು ವಾರದ ನಂತರ ಕತ್ತರಿಸಿದ ಅಂಚಿನಿಂದ ಕೆಳಕ್ಕೆ ಒಣಗಿದ ಭಾಗದ ಉದ್ದವನ್ನು ಅಳತೆಪಟ್ಟಿಯಿಂದ ಅಳೆಯುತ್ತಾರೆ. ನಿರೋಧಕ ಗಿಡದಲ್ಲಿ ಆ ಗಾಯ ಒಂದೆರಡು ಸೆಂಟಿಮೀಟರಿಗೆ ನಿಲ್ಲುತ್ತದೆ, ದುರ್ಬಲ ಗಿಡದಲ್ಲಿ ಎಲೆಯ ಬಹುಭಾಗಕ್ಕೆ ಇಳಿಯುತ್ತದೆ. ವಿಧಾನ ಅಗ್ಗ, ನೇರ, ನಂಬಿಕೆಗೆ ಅರ್ಹ. ಒಂದೇ ಒಂದು ಪ್ರಬಲ ಜೀನನ್ನು ವರ್ಗಾಯಿಸುವುದಾಗಿದ್ದರೆ ಇಷ್ಟೇ ಸಾಕಾಗುತ್ತಿತ್ತು. ಪ್ರತಿ ಬ್ಯಾಕ್‌ಕ್ರಾಸ್ ಪೀಳಿಗೆಯಲ್ಲೂ ಅರ್ಧದಷ್ಟು ಗಿಡಗಳಿಗೆ ಜೀನ್ ಬಂದಿರುತ್ತದೆ, ಕತ್ತರಿ ಅವನ್ನು ತೋರಿಸಿಕೊಡುತ್ತದೆ, ಅದೇ ಹಂಗಾಮಿನಲ್ಲಿ ಅವನ್ನು ಮತ್ತೆ ಸಂಕರಿಸಬಹುದು. ಅಂಥ ಕೆಲಸಕ್ಕೆ ಪ್ರಯೋಗಾಲಯ ಕಟ್ಟುವುದು ದುಂದು.

ತೊಡಕು ಇರುವುದು ಈ ಮೂರರ ಸ್ವಭಾವದಲ್ಲಿ. 11ನೇ ವರ್ಣತಂತುವಿನಲ್ಲಿರುವ ಎಕ್ಸ್‌ಎ21 ಪ್ರಬಲ ಜೀನ್. ಅದು ಬಂದದ್ದು ಒರೈಜಾ ಲಾಂಗಿಸ್ಟಾಮಿನಾಟಾ ಎಂಬ ಆಫ್ರಿಕದ ಕಾಡು ಭತ್ತದಿಂದ. 8ನೇ ವರ್ಣತಂತುವಿನ ಎಕ್ಸ್‌ಎ13, 5ನೇ ವರ್ಣತಂತುವಿನ ಎಕ್ಸ್‌ಎ5 ಎರಡೂ ಅಪ್ರಬಲ. ಬ್ಯಾಕ್‌ಕ್ರಾಸ್ ಪೀಳಿಗೆಯಲ್ಲಿ ಅಪ್ರಬಲ ಜೀನ್ ಯಾವಾಗಲೂ ಹೆಟೆರೋಜೈಗಸ್ ಸ್ಥಿತಿಯಲ್ಲೇ ಇರುವುದರಿಂದ ಕತ್ತರಿಗೆ ಕಾಣುವುದಿಲ್ಲ. ಜೀನ್ ಹೊತ್ತ ಗಿಡವೂ ಹೊರದ ಗಿಡವೂ ಒಂದೇ ರೀತಿ ಒಣಗುತ್ತವೆ. ಹಾಗಾಗಿ ಪ್ರತಿ ಬ್ಯಾಕ್‌ಕ್ರಾಸ್ ಆದ ಮೇಲೆ ಒಂದು ಸಲ ಸ್ವಪರಾಗಸ್ಪರ್ಶ ಮಾಡಿಸಿ, ಮುಂದಿನ ಪೀಳಿಗೆಯಲ್ಲಿ ಹೋಮೋಜೈಗಸ್ ಆಗಿ ಹೊರಬಿದ್ದ ನಿರೋಧಕ ಗಿಡಗಳನ್ನು ಆರಿಸಿ, ಅವುಗಳಿಂದ ಮುಂದಿನ ಸಂಕರಣ ಮಾಡಬೇಕು. ಲೆಕ್ಕ ಹಾಕಿದರೆ, ಎಫ್1ನಿಂದ ಹಿಡಿದು ನಾಲ್ಕನೇ ಬ್ಯಾಕ್‌ಕ್ರಾಸಿನ ಹೋಮೋಜೈಗಸ್ ಗಿಡ ಸಿಗುವವರೆಗೆ ಒಂಬತ್ತು ಪೀಳಿಗೆ ಬೇಕಾಗುತ್ತದೆ. ಮಾರ್ಕರ್ ಬಳಸಿದರೆ ನಡುವಿನ ಮೂರು ಸ್ವಪರಾಗ ಪೀಳಿಗೆಗಳು ಬೇಡ, ಆರರಲ್ಲೇ ಮುಗಿಯುತ್ತದೆ. ವರ್ಷಕ್ಕೆ ಎರಡು ಬೆಳೆ ತೆಗೆಯುವಲ್ಲಿ ಈ ಉಳಿತಾಯ ಒಂದೂವರೆ ವರ್ಷ. ಅದು ಸಣ್ಣದಲ್ಲ, ಆದರೆ ಕೆಲವರು ಹೇಳುವಂತೆ ದಶಕಗಳ ಉಳಿತಾಯವೂ ಅಲ್ಲ.

ಹೆಚ್ಚು ಗಟ್ಟಿಯಾದ ವಾದ ಬೇರೆ ಕಡೆ ಇದೆ. ಮೂರು ಜೀನ್ ಒಂದೇ ಗಿಡದಲ್ಲಿ ಸೇರಿದಾಗ ಒಂದು ಇನ್ನೊಂದನ್ನು ಮರೆಮಾಡುತ್ತದೆ. ಎಕ್ಸ್‌ಎ21 ಒಂದೇ ಇದ್ದರೂ ಹೆಚ್ಚಿನ ಸ್ಥಳೀಯ ಬ್ಯಾಕ್ಟೀರಿಯಾ ಪ್ರಭೇದಗಳ ಮುಂದೆ ಗಾಯ ಚಿಕ್ಕದಾಗಿಯೇ ನಿಲ್ಲುತ್ತದೆ. ಜೊತೆಗೆ ಎಕ್ಸ್‌ಎ13 ಇದೆಯೋ ಇಲ್ಲವೋ ಎಂದು ಅಳತೆಪಟ್ಟಿ ಹೇಳಲಾರದು. ಎಕ್ಸ್‌ಎ21ನ್ನು ಮುರಿಯಬಲ್ಲ, ಆದರೆ ಉಳಿದೆರಡಕ್ಕೆ ಸೋಲುವ ಪ್ರಭೇದ ಕೈಯಲ್ಲಿದ್ದರೆ ಮಾತ್ರ ಅದು ಸಾಧ್ಯ. ಇಲ್ಲದಿದ್ದರೆ ಪ್ರತಿ ಗಿಡವನ್ನೂ ದುರ್ಬಲ ತಳಿಯೊಂದಿಗೆ ಸಂಕರಿಸಿ, ಅದರ ಸಂತತಿ ಯಾವ ಅನುಪಾತದಲ್ಲಿ ಒಡೆಯುತ್ತದೆ ಎಂದು ನೋಡಿ ಹಿಂದಕ್ಕೆ ಊಹಿಸಬೇಕು. ಇನ್ನು ಎಕ್ಸ್‌ಎ21 ಪ್ರಬಲವಾದ್ದರಿಂದ ಕೊನೆಯ ಸ್ವಪರಾಗ ಪೀಳಿಗೆಯ ನಿರೋಧಕ ಗಿಡಗಳಲ್ಲಿ ಮೂರರಲ್ಲಿ ಒಂದು ಮಾತ್ರ ಅದಕ್ಕೆ ಹೋಮೋಜೈಗಸ್. ಅದನ್ನು ತಿಳಿಯಲು ಇನ್ನೊಂದು ಪೀಳಿಗೆ ಬೇಕು. ಬರೀ ಕತ್ತರಿಯಿಂದ ಒಂದು ಜೀನಿನ ಮೇಲೆ ಇನ್ನೊಂದನ್ನು ಪೇರಿಸುವುದು ತಾತ್ವಿಕವಾಗಿ ಸಾಧ್ಯ, ವ್ಯವಹಾರದಲ್ಲಿ ಬಲು ಕಷ್ಟದ ಕೆಲಸ. ಮಾರ್ಕರ್ ಇಲ್ಲಿ ಅದೇ ಕೆಲಸವನ್ನು ಬೇಗ ಮಾಡುವುದಕ್ಕಿಂತ ಮಿಗಿಲಾಗಿ, ಕಣ್ಣಿಗೆ ಕಾಣದ್ದನ್ನು ಕಾಣಿಸುತ್ತದೆ.

ಹಾಗಾದರೆ ಯಾಕೆ ಮೂರು? ಎಕ್ಸ್‌ಎ21 ಬ್ಯಾಕ್ಟೀರಿಯಾದ ಗುರುತನ್ನು ಹಿಡಿಯುವ ಗ್ರಾಹಕ ಪ್ರೋಟೀನನ್ನು ಕೊಡುತ್ತದೆ. ಎಕ್ಸ್‌ಎ13 ಸಕ್ಕರೆ ಸಾಗಿಸುವ ಒಂದು ಜೀನಿನ ಮುಂಭಾಗದ ಬದಲಾವಣೆ. ಬ್ಯಾಕ್ಟೀರಿಯಾ ತನ್ನ ಊಟಕ್ಕಾಗಿ ಆ ಜೀನನ್ನು ಚಾಲೂ ಮಾಡಲು ಹೋದರೆ ಗುಂಡಿಯೇ ಸಿಗುವುದಿಲ್ಲ. ಎಕ್ಸ್‌ಎ5 ಜೀನ್ ಓದುವ ಯಂತ್ರದ ಒಂದು ಸಣ್ಣ ಭಾಗದ ಬದಲಾವಣೆ. ಮೂರೂ ಬೇರೆ ಬೇರೆ ಬಾಗಿಲುಗಳನ್ನು ಮುಚ್ಚುವುದರಿಂದ ಮೂರನ್ನೂ ಒಟ್ಟಿಗೆ ತೆರೆಯಬಲ್ಲ ಪ್ರಭೇದ ಹುಟ್ಟುವ ಸಂಭವ ಕಡಿಮೆ.

ಇನ್ನು ಮಾರ್ಕರ್ ದಾರಿಯ ನಡೆ. ಬ್ಯಾಕ್‌ಕ್ರಾಸ್ ಬೀಜದಿಂದ ಬಂದ ಸಸಿಯ ಎಳೆ ಎಲೆಯಿಂದ ಎರಡು ಮೂರು ಸೆಂಟಿಮೀಟರ್ ಚೂರು ತೆಗೆದು ಡಿಎನ್‌ಎ ಬೇರ್ಪಡಿಸಿ ಪಿಸಿಆರ್ ಮಾಡಲಾಗುತ್ತದೆ. ಮೂರೂ ಜೀನ್‌ಗಳಿಗೆ ಹೆಟೆರೋಜೈಗಸ್ ಆಗಿರುವ ಗಿಡ ಸಿಗುವ ಸಂಭವ ಎಂಟರಲ್ಲಿ ಒಂದು. ಕನಿಷ್ಠ ಒಂದಾದರೂ ಸಿಗಲು ಎಷ್ಟು ಸಸಿ ಬೇಕು ಎಂಬುದಕ್ಕೆ ಸೂತ್ರ ಸರಳ:

n = ln(1 − P) / ln(1 − p)

ಇಲ್ಲಿ p ಎಂದರೆ ಒಂದು ಗಿಡ ಬೇಕಾದ ಬಗೆಯದಾಗಿರುವ ಸಂಭವ, P ಎಂದರೆ ನಮಗೆ ಬೇಕಾದ ಖಾತರಿ. ಎಂಟರಲ್ಲಿ ಒಂದಕ್ಕೆ, ಶೇ 99ರ ಖಾತರಿಗೆ 35 ಸಸಿ ಸಾಕು. ಆದರೆ ಸಿಕ್ಕ ಒಂದೇ ಗಿಡವನ್ನು ಒಪ್ಪಿಕೊಂಡರೆ ಆಯ್ಕೆ ಎಂಬುದೇ ಉಳಿಯುವುದಿಲ್ಲ. ಹಾಗಾಗಿ 200 ಸಸಿ ಬೆಳೆಸಿದರೆಂದು ಇಟ್ಟುಕೊಳ್ಳೋಣ. ಮೂರೂ ಮಾರ್ಕರ್‌ಗಳನ್ನು ಎಲ್ಲ ಸಸಿಗಳ ಮೇಲೂ ಓಡಿಸಿದರೆ 600 ಪಿಸಿಆರ್. ಅನುಭವಸ್ಥರು ಹಾಗೆ ಮಾಡುವುದಿಲ್ಲ. ಎಕ್ಸ್‌ಎ21ರ ಪಿಟಿಎ248 ಮಾರ್ಕರ್ ಸಾಮಾನ್ಯ ಅಗರೋಸ್ ಜೆಲ್ ಮೇಲೆಯೇ ಎರಡು ಬೇರೆ ಗಾತ್ರದ ಪಟ್ಟಿಗಳಾಗಿ ಓದಿಸುತ್ತದೆ, ಕಿಣ್ವದಿಂದ ಕತ್ತರಿಸುವ ಗೋಜಿಲ್ಲ. ಅದನ್ನು ಮೊದಲು ಓಡಿಸಿ ಅರ್ಧ ಸಸಿಗಳನ್ನು ಕೈಬಿಟ್ಟು, ಉಳಿದ 100ಕ್ಕೆ ಎರಡನೆಯದು, ಅದರಲ್ಲಿ ಉಳಿದ 50ಕ್ಕೆ ಮೂರನೆಯದು ಎಂದು ಸೋಸಿದರೆ 350 ಪಿಸಿಆರ್‌ಗೆ ಕೆಲಸ ಮುಗಿಯುತ್ತದೆ, ಕೊನೆಗೆ ಸುಮಾರು 25 ಗಿಡ ಕೈಯಲ್ಲಿ ಉಳಿಯುತ್ತವೆ. ತಳಿಯ ಉಳಿದ ಜೀನೋಮ್ ಎಷ್ಟು ಮರಳಿದೆ ಎಂದು ನೋಡುವ ಹಿನ್ನೆಲೆ ಮಾರ್ಕರ್‌ಗಳನ್ನು ಆ 25ರ ಮೇಲೆ ಮಾತ್ರ ಓಡಿಸಬೇಕು. ಕೊನೆಯಲ್ಲಿ ಸ್ವಪರಾಗ ಮಾಡಿಸಿದಾಗ ಮೂರಕ್ಕೂ ಹೋಮೋಜೈಗಸ್ ಗಿಡ 64ರಲ್ಲಿ ಒಂದು. ಅದೇ ಸೂತ್ರದಂತೆ ಶೇ 99ರ ಖಾತರಿಗೆ 293 ಸಸಿ ಬೇಕು. ವಿದ್ಯಾರ್ಥಿಗಳ ಯೋಜನೆಗಳು ಮುಗ್ಗರಿಸುವುದು ಹೆಚ್ಚಾಗಿ ಈ ಕೊನೆಯ ಮೆಟ್ಟಿಲಲ್ಲಿ: ಬ್ಯಾಕ್‌ಕ್ರಾಸಿಗೆ ಸಾಕಾದಷ್ಟೇ ಸಸಿ ಇಲ್ಲಿಗೂ ಸಾಕೆಂದು ನೂರು ಬಿತ್ತಿ, ಬರಿಗೈಯಲ್ಲಿ ನಿಲ್ಲುವ ಅಪಾಯ ತಂದುಕೊಳ್ಳುತ್ತಾರೆ.

ಜೆಲ್ ಸುಳ್ಳು ಹೇಳುವ ಸಂದರ್ಭಗಳೂ ಉಂಟು. ಎಕ್ಸ್‌ಎ13 ಮತ್ತು ಎಕ್ಸ್‌ಎ5ಕ್ಕೆ ಆಗ ಬಳಸಿದ ಆರ್‌ಜಿ136, ಆರ್‌ಜಿ556 ಮಾರ್ಕರ್‌ಗಳಲ್ಲಿ ಪಿಸಿಆರ್ ಆದ ಮೇಲೆ ಕಿಣ್ವದಿಂದ ಕತ್ತರಿಸಬೇಕು. ಕಿಣ್ವ ಪೂರ್ತಿ ಕತ್ತರಿಸದೆ ಬಿಟ್ಟರೆ ಕತ್ತರಿಸದ ಪಟ್ಟಿಯೂ ಉಳಿದು, ಹೋಮೋಜೈಗಸ್ ಗಿಡ ಹೆಟೆರೋಜೈಗಸ್ ಎಂದು ಓದಿಸಿಕೊಳ್ಳುತ್ತದೆ. ಇಬ್ಬರು ಪೋಷಕರನ್ನೂ ಎಫ್1ನ್ನೂ ಅದೇ ಜೆಲ್‌ನಲ್ಲಿ ಓಡಿಸಿದ್ದರೆ ಇದು ತಕ್ಷಣ ಗೊತ್ತಾಗುತ್ತದೆ: ಪೋಷಕನ ಪಟ್ಟಿಯೇ ಅರ್ಧಂಬರ್ಧ ಕತ್ತರಿಸಿದಂತಿದ್ದರೆ ಇಡೀ ಜೆಲ್ ಬಿಸಾಡಬೇಕು. ಇನ್ನೊಂದು ತಪ್ಪು ಹೊಲದಲ್ಲೇ ಆಗುತ್ತದೆ. ಕೇಸರ ತೆಗೆಯುವಾಗ ಒಂದು ಪರಾಗಕೋಶ ಉಳಿದರೆ ತಾಯಿಗಿಡ ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಬ್ಯಾಕ್‌ಕ್ರಾಸ್ ಪೀಳಿಗೆಯಲ್ಲಿ ಯಾವ ಗಿಡವೂ ಯಾವ ಜಾಗದಲ್ಲೂ ದಾನಿಯ ಪಟ್ಟಿಯನ್ನು ಮಾತ್ರ ತೋರಿಸುವಂತಿಲ್ಲ. ಹಾಗೆ ತೋರಿಸಿದ ಗಿಡ ಸಂಕರವಲ್ಲ, ಸ್ವಪರಾಗದ ಕೂಸು. ಸಾಂಬಾ ಮಸೂರಿಯನ್ನೇ ತಾಯಿಯಾಗಿ ಇಟ್ಟುಕೊಂಡರೆ ಈ ರಗಳೆ ಇಲ್ಲ. ತಪ್ಪಿ ಹುಟ್ಟಿದ ಸಸಿಗಳಲ್ಲಿ ದಾನಿಯ ಪಟ್ಟಿಯೇ ಇರುವುದಿಲ್ಲವಾದ್ದರಿಂದ ಮೊದಲ ಸೋಸುವಿಕೆಯಲ್ಲೇ ಹೊರಬೀಳುತ್ತವೆ.

ಇವೆಲ್ಲ ಎಚ್ಚರದಿಂದ ತಪ್ಪಿಸಬಹುದಾದ ದೋಷಗಳು. ಮಾರ್ಕರ್‌ನ ಸ್ವಭಾವದಲ್ಲೇ ಇರುವ ದೋಷ ಇನ್ನೊಂದು: ಮಾರ್ಕರ್ ಜೀನ್ ಅಲ್ಲ, ಅದರ ನೆರೆಮನೆ. ಆರ್‌ಜಿ136 ಮತ್ತು ಎಕ್ಸ್‌ಎ13ರ ನಡುವೆ ಸುಮಾರು 3.8 ಸೆಂಟಿಮಾರ್ಗನ್ ಅಂತರ. ಅಂದರೆ ಪ್ರತಿ ಪೀಳಿಗೆಯಲ್ಲಿ ನೂರಕ್ಕೆ ಸುಮಾರು ನಾಲ್ಕು ಸಲ ಇವೆರಡೂ ಬೇರೆಯಾಗುತ್ತವೆ; ಪಟ್ಟಿ ಉಳಿದು ಜೀನ್ ಹೋಗಿರುತ್ತದೆ. ಒಂದು ಪೀಳಿಗೆಗೆ ಇದು ಕ್ಷುಲ್ಲಕ ಎನಿಸುತ್ತದೆ. ಆದರೆ ನಾಲ್ಕು ಬ್ಯಾಕ್‌ಕ್ರಾಸ್‌ಗಳಲ್ಲಿ ಮಾರ್ಕರನ್ನು ಮಾತ್ರ ನಂಬಿ ನಡೆದರೆ ಜೀನ್ ಉಳಿದಿರುವ ಸಂಭವ 0.962ರ ನಾಲ್ಕನೇ ಘಾತ, ಅಂದರೆ ಸುಮಾರು 0.86. ಕೊನೆಯ ಸ್ವಪರಾಗದಲ್ಲಿ ಎರಡೂ ಕಡೆಯ ಲಿಂಗಾಣುಗಳಿಗೂ ಇದೇ ಅಪಾಯವಿರುವುದರಿಂದ ಕೊನೆಗೆ ಉಳಿಯುವುದು 0.79. ಜೆಲ್‌ನಲ್ಲಿ ಪಕ್ಕಾ ಹೋಮೋಜೈಗಸ್ ಎಂದು ಕಂಡ ಐದು ಸಾಲುಗಳಲ್ಲಿ ಒಂದು ಹಾಗಿರದೆ ಇರಬಹುದು. ಎಕ್ಸ್‌ಎ13 ಅಪ್ರಬಲವಾದ್ದರಿಂದ ನಡುವಿನ ಪೀಳಿಗೆಗಳಲ್ಲಿ ಕತ್ತರಿಯೂ ಎಚ್ಚರಿಸುವುದಿಲ್ಲ. ಎಕ್ಸ್‌ಎ21 ಜೊತೆಗಿದ್ದರೆ ಕೊನೆಯ ಪೀಳಿಗೆಯಲ್ಲೂ ಎಚ್ಚರಿಸುವುದಿಲ್ಲ. ನಿಜವಾದ ಬದಲಾವಣೆಯ ಜಾಗದಿಂದಲೇ ರೂಪಿಸಿದ ಕ್ರಿಯಾತ್ಮಕ ಮಾರ್ಕರ್‌ಗಳು ಎಕ್ಸ್‌ಎ13ಕ್ಕೂ ಎಕ್ಸ್‌ಎ5ಕ್ಕೂ ನಂತರ ಬಂದವು. ಇಂದು ಕೆಲಸ ಶುರುಮಾಡುವವರು ಹಳೆಯ ಮಾರ್ಕರ್‌ಗಳನ್ನು ಬಳಸಲು ಕಾರಣವಿಲ್ಲ. ಬಳಸಲೇಬೇಕಾದರೆ ಜೀನಿನ ಎರಡೂ ಪಕ್ಕದಲ್ಲಿ ಒಂದೊಂದು ಮಾರ್ಕರ್ ಇಟ್ಟುಕೊಳ್ಳಬೇಕು. ಎರಡೂ ಕಡೆ ಒಮ್ಮೆಗೇ ತುಂಡಾಗುವುದು ಬಲು ಅಪರೂಪ.

ಪಕ್ಕದ ಮಾರ್ಕರ್‌ಗಳಿಗೆ ಇನ್ನೊಂದು ಉಪಯೋಗವಿದೆ. ಜೀನಿನ ಜೊತೆಗೆ ಅಂಟಿಕೊಂಡು ಬರುವ ದಾನಿಯ ತುಂಡು, ಅಂದರೆ ಲಿಂಕೇಜ್ ಡ್ರ್ಯಾಗ್, ಸಾಂಪ್ರದಾಯಿಕ ಬ್ಯಾಕ್‌ಕ್ರಾಸಿನ ನಿಜವಾದ ದೌರ್ಬಲ್ಯ. ಪಠ್ಯಪುಸ್ತಕದ ಸರಾಸರಿಗಳು 75, 87.5, 93.75, 96.9 ಎಂದು ಚಂದವಾಗಿ ಏರುತ್ತವೆ. ಆದರೆ ಅವು ಜೀನಿನಿಂದ ದೂರದ ವರ್ಣತಂತುಗಳ ಮಾತು. ಜೀನ್ ಕುಳಿತ ವರ್ಣತಂತುವಿನಲ್ಲಿ t ಬ್ಯಾಕ್‌ಕ್ರಾಸ್ ಆದ ಮೇಲೆ ಪ್ರತಿ ಪಕ್ಕದಲ್ಲೂ ಉಳಿಯುವ ತುಂಡು ಸರಿಸುಮಾರು 1/t ಮಾರ್ಗನ್. ಆರು ಬ್ಯಾಕ್‌ಕ್ರಾಸ್ ಆದರೂ ನೂರು ಸೆಂಟಿಮಾರ್ಗನ್ ವರ್ಣತಂತುವಿನ ನಡುವೆ ಕುಳಿತ ಜೀನಿನ ಸುತ್ತ ಸುಮಾರು 32 ಸೆಂಟಿಮಾರ್ಗನ್ ದಾನಿಯದೇ ಉಳಿದಿರುತ್ತದೆ. 1989ರಲ್ಲಿ ಯಂಗ್ ಮತ್ತು ಟ್ಯಾಂಕ್‌ಸ್ಲಿ ಟೊಮೆಟೊದ ಟಿಎಂ-2 ಎಂಬ ವೈರಸ್ ನಿರೋಧಕ ಜೀನ್ ಇರುವ ತಳಿಗಳನ್ನು ಮಾರ್ಕರ್‌ಗಳಿಂದ ಪರೀಕ್ಷಿಸಿದಾಗ ದಾನಿಯ ತುಂಡು 4ರಿಂದ 51 ಸೆಂಟಿಮಾರ್ಗನ್‌ವರೆಗೂ ಇದ್ದದ್ದು ಕಂಡಿತು. ಹನ್ನೊಂದು ಬ್ಯಾಕ್‌ಕ್ರಾಸ್ ಆದ ಒಂದು ತಳಿಯಲ್ಲಿ ವರ್ಣತಂತುವಿನ ಇಡೀ ತೋಳೇ ಕಾಡು ಜಾತಿಯದಾಗಿ ಉಳಿದಿತ್ತು. ಗಿಡ ನೋಡಲು ಸರಿಯಾಗಿತ್ತು, ಆಯ್ಕೆ ಮಾಡಿದವರಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ.

ಪ್ರತಿ ಪಕ್ಕದಲ್ಲೂ ಒಂದು ಸೆಂಟಿಮಾರ್ಗನ್ ಮಾತ್ರ ಉಳಿಯಬೇಕೆಂದರೆ 1/t ಲೆಕ್ಕದಲ್ಲಿ ನೂರು ಪೀಳಿಗೆ ಬೇಕು. ಮಾರ್ಕರ್ ಇದ್ದರೆ ಒಂದು ಪೀಳಿಗೆಯಲ್ಲಿ ಒಂದು ಪಕ್ಕ, ಮುಂದಿನದರಲ್ಲಿ ಇನ್ನೊಂದು ಪಕ್ಕ ತುಂಡಾದ ಗಿಡವನ್ನು ಹುಡುಕಬಹುದು. ಜೀನ್ ಹೊತ್ತ ಸುಮಾರು 300 ಗಿಡಗಳನ್ನು ನೋಡಿದರೆ ಅಂಥದೊಂದು ಸಿಗುವ ಸಂಭವ ಶೇ 95. ‘ನೂರು ಪೀಳಿಗೆಯ ಕೆಲಸ ಎರಡರಲ್ಲಿ’ ಎಂಬ ಮಾತಿಗೆ ಆಧಾರ ಇದು. ಆ ಮಾತು ನಿಜ, ಈ ಒಂದು ಕೆಲಸದ ಮಟ್ಟಿಗೆ.

ಹಿನ್ನೆಲೆ ಆಯ್ಕೆಯ ಬಗ್ಗೆ ಇಷ್ಟೇ ಉತ್ಸಾಹ ಬೇಕಿಲ್ಲ. ಸಾಂಬಾ ಮಸೂರಿಯ ಕೆಲಸದಲ್ಲಿ ನಾಲ್ಕನೇ ಬ್ಯಾಕ್‌ಕ್ರಾಸಿನಲ್ಲಿ ಆರಿಸಿದ ಗಿಡದಲ್ಲಿ ಮೂಲ ತಳಿಯ ಜೀನೋಮ್ ಸುಮಾರು ಶೇ 97 ಮರಳಿತ್ತು. ಯಾವ ಹಿನ್ನೆಲೆ ಆಯ್ಕೆಯೂ ಇಲ್ಲದ ಸೈದ್ಧಾಂತಿಕ ಸರಾಸರಿ 96.9! ಅಂಕಿಗಳನ್ನಷ್ಟೇ ನೋಡಿದವರಿಗೆ ಮಾರ್ಕರ್‌ಗಳಿಂದ ಏನೂ ಲಾಭವಾಗಲಿಲ್ಲ ಎನಿಸಬಹುದು. ಹಾಗೆ ತೀರ್ಮಾನಿಸುವುದು ಪೂರ್ತಿ ಸರಿಯಲ್ಲ. ಮೂರು ವರ್ಣತಂತುಗಳಲ್ಲಿ ದಾನಿಯ ತುಂಡನ್ನು ಬೇಕೆಂದೇ ಹಿಡಿದಿಟ್ಟುಕೊಂಡಾಗ ಆಯ್ಕೆ ಇಲ್ಲದ ಸರಾಸರಿ 96.9ಕ್ಕಿಂತ ಸಾಕಷ್ಟು ಕೆಳಗಿರುತ್ತದೆ. ಆ ಹೊರೆ ಹೊತ್ತೂ 97 ತಲುಪಿದ್ದು ಗಳಿಕೆಯೇ. ಆದರೂ ಈ ಅಂಕಿ ಒಂದು ವಿಷಯವನ್ನು ತೋರಿಸುತ್ತದೆ. ನಾಲ್ಕು ಬ್ಯಾಕ್‌ಕ್ರಾಸ್ ಮಾಡಲು ಸಮಯವಿರುವವರಿಗೆ ದೂರದ ವರ್ಣತಂತುಗಳನ್ನು ಸಂಕರಣವೇ ತೊಳೆದುಕೊಡುತ್ತದೆ; ಹಿನ್ನೆಲೆ ಮಾರ್ಕರ್‌ಗಳ ಖರ್ಚು ಸಾರ್ಥಕವಾಗುವುದು ಎರಡು ಬ್ಯಾಕ್‌ಕ್ರಾಸ್‌ಗಳಲ್ಲೇ ಮುಗಿಸಬೇಕೆಂದಾಗ. ಜೊತೆಗೆ ಶೇಕಡಾವಾರು ಅಂಕಿಯನ್ನು ಎಷ್ಟು ಮಾರ್ಕರ್‌ಗಳಿಂದ ಪಡೆದದ್ದು ಎಂದು ಕೇಳಬೇಕು. ಭತ್ತದ ಜೀನ್ ನಕ್ಷೆಯ ಉದ್ದ ಸುಮಾರು 1,500 ಸೆಂಟಿಮಾರ್ಗನ್. 50 ಮಾರ್ಕರ್ ಇಟ್ಟರೆ 30 ಸೆಂಟಿಮಾರ್ಗನ್‌ಗೆ ಒಂದು ಬೀಳುತ್ತದೆ, ನಡುವಿನ ಜಾಗದಲ್ಲಿ ದಾನಿಯ ಸಣ್ಣ ತುಂಡು ಸಿಕ್ಕಿಬೀಳದೆ ಕೂತಿರಬಹುದು.

ಇಲ್ಲಿಯವರೆಗಿನ ಎಲ್ಲ ಲಾಭಕ್ಕೂ ಒಂದೇ ಷರತ್ತು: ಗುರಿ ಗೊತ್ತಿರಬೇಕು, ಅದರ ಪರಿಣಾಮ ದೊಡ್ಡದಿರಬೇಕು. ಇಳುವರಿಗೆ ಬಂದರೆ ಆ ಷರತ್ತು ಮುರಿಯುತ್ತದೆ. 1990ರಲ್ಲಿ ಲ್ಯಾಂಡೆ ಮತ್ತು ಥಾಂಪ್ಸನ್ ಕೊಟ್ಟ ಲೆಕ್ಕವನ್ನು ಸರಳಗೊಳಿಸಿ ಹೇಳಬಹುದು. ಮಾರ್ಕರ್ ಒಂದರಿಂದಲೇ ಆರಿಸಿದರೆ, ಮಾರ್ಕರ್‌ಗಳು ವಿವರಿಸುವ ತಳಿಗುಣ ವ್ಯತ್ಯಾಸದ ಪಾಲು ಆ ಗುಣದ ಆನುವಂಶಿಕತೆಗಿಂತ ಹೆಚ್ಚಿದ್ದಾಗ ಮಾತ್ರ ಕಣ್ಣಿನ ಆಯ್ಕೆಯನ್ನು ಮೀರಿಸಬಹುದು. ಆನುವಂಶಿಕತೆ 0.8 ಇರುವ ಗುಣಕ್ಕೆ, ಮಾರ್ಕರ್‌ಗಳು 0.4 ಪಾಲು ಹಿಡಿದಿದ್ದರೆ ಸುಮ್ಮನೆ ಗಿಡ ನೋಡಿ ಆರಿಸುವುದೇ ಮೇಲು. ಆನುವಂಶಿಕತೆ 0.2 ಇದ್ದರೆ ಅದೇ ಮಾರ್ಕರ್‌ಗಳು ಗೆಲ್ಲುತ್ತವೆ. ಆದರೆ ಆನುವಂಶಿಕತೆ ಕಡಿಮೆ ಇರುವ ಗುಣಕ್ಕೆ ಆ 0.4 ಪಾಲನ್ನು ಪತ್ತೆಹಚ್ಚುವುದೇ ಕಷ್ಟ, ಏಕೆಂದರೆ ಪತ್ತೆಹಚ್ಚುವುದೂ ಅದೇ ಹೊಲದ ಅಳತೆಗಳಿಂದ. ಮಾರ್ಕರ್ ಹೆಚ್ಚು ಬೇಕಾದ ಕಡೆಯೇ ಅದು ಕಡಿಮೆ ಸಿಗುತ್ತದೆ. ಬೀವಿಸ್ ತೋರಿಸಿದ್ದು ಇದರ ಇನ್ನೊಂದು ಮುಖ: ನೂರು ಸಂತತಿಯ ಸಣ್ಣ ಗುಂಪಿನಲ್ಲಿ ಪತ್ತೆಯಾದ ಕ್ಯುಟಿಎಲ್‌ಗಳ ಪರಿಣಾಮ ವಾಸ್ತವಕ್ಕಿಂತ ತುಂಬ ಉಬ್ಬಿ ಕಾಣುತ್ತದೆ, ಸಾವಿರಕ್ಕೆ ಏರಿದಾಗ ನಿಜಕ್ಕೆ ಹತ್ತಿರವಾಗುತ್ತದೆ. ಸ್ನಾತಕೋತ್ತರ ಪ್ರಬಂಧಗಳ ಗುಂಪುಗಳು ಬಹುಪಾಲು ನೂರೈವತ್ತರ ಆಸುಪಾಸಿನವು ಎಂಬುದನ್ನು ಇಲ್ಲಿ ನೆನೆಯಬಹುದು. ಅಂಥ ಕ್ಯುಟಿಎಲ್ ಹಿಡಿದು ಇನ್ನೊಂದು ತಳಿಗೆ ಬ್ಯಾಕ್‌ಕ್ರಾಸ್ ಮಾಡಿದವರಿಗೆ ಮಾರ್ಕರ್ ಸರಿಯಾಗಿ ಬಂದು, ಇಳುವರಿ ಮಾತ್ರ ಬರುವುದಿಲ್ಲ.

ನೆರೆಯಲ್ಲಿ ಮುಳುಗಿದರೂ ಬದುಕುವ ಗುಣ ಇದಕ್ಕೆ ಹೊರತಾದಂತೆ ಕಾಣುತ್ತದೆ, ಆದರೆ ಹೊರತಲ್ಲ. ಒಡಿಶಾದ ಎಫ್ಆರ್ 13ಎ ಭತ್ತದಿಂದ ಬಂದ ಸಬ್1 ಕ್ಯುಟಿಎಲ್ ಎಂದೇ ಪತ್ತೆಯಾದರೂ ಅದರ ಪರಿಣಾಮ ಒಂದು ದೊಡ್ಡ ಜೀನಿನಷ್ಟಿದೆ. ಹಾಗಾಗಿಯೇ ಸ್ವರ್ಣ-ಸಬ್1 ಸಾಂಬಾ ಮಸೂರಿಯ ಹಾದಿಯಲ್ಲೇ ಸಾಧ್ಯವಾಯಿತು. ಸಣ್ಣ ಪರಿಣಾಮದ ನೂರಾರು ಜೀನ್‌ಗಳ ಗುಣಗಳಿಗೆ ಜೀನ್ ಹುಡುಕುವುದನ್ನೇ ಬಿಟ್ಟು ಇಡೀ ಜೀನೋಮಿನ ಮಾರ್ಕರ್‌ಗಳನ್ನು ಒಟ್ಟಿಗೆ ಲೆಕ್ಕಕ್ಕೆ ಹಿಡಿಯುವ ಜೀನೋಮಿಕ್ ಆಯ್ಕೆ 2001ರ ನಂತರ ಬೆಳೆದದ್ದು ಈ ಸೋಲಿನಿಂದಲೇ. ಅದಕ್ಕೂ ಅಳತೆ ಮಾಡಿದ ಹೊಲ ಬೇಕು.

ಮೂರು ಜೀನ್ ಸೇರಿದ ಸಾಲುಗಳು ಕೈಗೆ ಬಂದ ಮೇಲೆ ಹೈದರಾಬಾದಿನ ಕೆಲಸವೂ ಹೊಲಕ್ಕೇ ಮರಳಿತು. ಕತ್ತರಿ ಅದ್ದಿ ಎಲೆ ಕತ್ತರಿಸಿ ಗಾಯ ಅಳೆಯುವುದರ ಜೊತೆಗೆ ಇಳುವರಿಯನ್ನೂ ಕಾಳಿನ ಗುಣವನ್ನೂ ಮೂಲ ಸಾಂಬಾ ಮಸೂರಿಯ ಪಕ್ಕದಲ್ಲಿಟ್ಟು ಹೋಲಿಸಬೇಕಿತ್ತು. ಮರಳದೆ ಉಳಿದ ಜೀನೋಮಿನಲ್ಲಿ ಅಡುಗೆಯ ಗುಣ ಕೆಡಿಸುವ ಒಂದು ತುಂಡು ಇದ್ದರೂ ಸಾಕಿತ್ತು, ರೈತ ಕೊಳ್ಳುತ್ತಿರಲಿಲ್ಲ. ಯಾವ ತುಂಡು ಕೆಡಿಸುತ್ತದೆ ಎಂದು ಮೊದಲೇ ಹೇಳುವ ಮಾರ್ಕರ್ ಇರಲಿಲ್ಲ. ಹಲವು ಸ್ಥಳಗಳ ಪರೀಕ್ಷೆಗಳಲ್ಲಿ ರೋಗವಿಲ್ಲದ ಕಡೆ ಮೂಲ ತಳಿಗೆ ಸಮನಾಗಿ, ರೋಗ ಬಿದ್ದ ಕಡೆ ಅದಕ್ಕಿಂತ ಮೇಲಾಗಿ ನಿಂತ ಮೇಲೆಯೇ ಹೊಸ ಸಾಲಿಗೆ ಬಿಡುಗಡೆ ಸಿಕ್ಕಿತು.